ಎಡಕ್ಕೆ ನೈಟ್ರೋಜನ್, ಬಲಕ್ಕೆ ಮಾಮೂಲಿ ಗಾಳಿ

ಮೇ ತಿಂಗಳಲ್ಲಿ ಕಾರಿಗೆ ಹೊಸ ಟೈರ್ ಹಾಕಿಸಿದಾಗ ಶಿವಮೊಗ್ಗದ ಅಂಗಡಿಯಲ್ಲಿ ಎಲ್ಲರನ್ನೂ ಕೇಳುವ ಪ್ರಶ್ನೆಯನ್ನೇ ನನಗೂ ಕೇಳಿದರು: "ಸರ್, ನೈಟ್ರೋಜನ್ ಹಾಕ್ಲಾ, ನಾರ್ಮಲ್ ಸಾಕಾ?" ಎರಡನ್ನೂ ಹಾಕಿ ಅಂದೆ. ಎಡಗಡೆಯ ಎರಡು ಟೈರಿಗೆ ನೈಟ್ರೋಜನ್, ಬಲಗಡೆಯ ಎರಡಕ್ಕೆ ಮಾಮೂಲಿ ಗಾಳಿ. ನಾಲ್ಕಕ್ಕೂ ಒತ್ತಡ 33 ಪಿಎಸ್‌ಐ. ಹೀಗೆ ಮಾಡಿದರೆ ಬಿಸಿಲು, ಮಳೆ, ರಸ್ತೆ ಎರಡೂ ಕಡೆಗೆ ಒಂದೇ. ಆಮೇಲೆ ಬರುವ ವ್ಯತ್ಯಾಸ ಒಳಗಿರುವ ಗಾಳಿಯದ್ದೇ.

ನೈಟ್ರೋಜನ್‌ಗೆ ಟೈರಿಗೆ 40 ರೂಪಾಯಿ ಆಯಿತು, ಮಾಮೂಲಿ ಗಾಳಿ ಪುಕ್ಕಟೆ. ಆದರೆ ಆ 40 ರೂಪಾಯಿಗೆ ಏನು ಸಿಗುತ್ತೆ ಅನ್ನೋದು ತುಂಬುವ ರೀತಿಯ ಮೇಲಿದೆ. ಗಾಳಿ ಪೂರ್ತಿ ಬಿಟ್ಟ ಟೈರ್ ಖಾಲಿ ಆಗಿರುವುದಿಲ್ಲ. ಹೊರಗಿನಷ್ಟೇ ಒತ್ತಡದ ಗಾಳಿ, ಅಂದರೆ ಸುಮಾರು 14.7 ಪಿಎಸ್‌ಐ, ಒಳಗೇ ಉಳಿದಿರುತ್ತೆ. ಮೀಟರ್ ತೋರಿಸುವ 33 ಅದರ ಮೇಲಿನ ಲೆಕ್ಕ. ಹಾಗಾಗಿ ಒಂದು ಸಲ ತುಂಬಿದರೆ ಒಳಗಿರುವುದರಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಹಳೇ ಗಾಳಿಯೇ. ಪೂರ್ತಿ ಬಿಟ್ಟು ಇನ್ನೊಮ್ಮೆ ತುಂಬಿದರೆ ಅದು ಹತ್ತನೇ ಒಂದು ಪಾಲಿಗೆ ಇಳಿಯುತ್ತೆ. ನಾನು ಪಕ್ಕದಲ್ಲೇ ನಿಂತು ಎರಡು ಸಲ ತುಂಬಿಸಿದೆ. ಸುಮ್ನೆ ನೈಟ್ರೋಜನ್ ಗುರುತಿನ ಹಸಿರು ಕ್ಯಾಪ್ ಹಾಕಿ ಕಳಿಸಿದರೆ ಒಪ್ಪಬೇಡಿ.

ನನ್ನ ಹತ್ತಿರ ಒಂದು ಡಿಜಿಟಲ್ ಗೇಜ್ ಇದೆ. ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ ಕಾರು ತೆಗೆಯುವ ಮೊದಲೇ ನೋಡುತ್ತಿದ್ದೆ. ಎಡ ಹಿಂದಿನದೊಂದನ್ನು ಬಿಟ್ಟರೆ ನಡುವೆ ಯಾವುದಕ್ಕೂ ಗಾಳಿ ಸೇರಿಸಲಿಲ್ಲ. ನವೆಂಬರ್ ಹೊತ್ತಿಗೆ ಎಡ ಮುಂದಿನ ಟೈರ್ 31.7ಕ್ಕೆ, ಬಲ ಮುಂದಿನದು 31ಕ್ಕೆ ಬಂದಿತ್ತು. ಆರು ತಿಂಗಳಲ್ಲಿ ಒಂದು ಪಿಎಸ್‌ಐ ವ್ಯತ್ಯಾಸವೂ ಇಲ್ಲ. ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆಯವರು 31 ಮಾದರಿಯ ಟೈರ್‌ಗಳನ್ನು 30 ಪಿಎಸ್‌ಐಗೆ ತುಂಬಿ ಒಂದು ವರ್ಷ ಇಟ್ಟು ನೋಡಿದ್ದರು. ಸರಾಸರಿ ನೈಟ್ರೋಜನ್ 2.2 ಇಳಿದಿತ್ತು, ಗಾಳಿ 3.5. ರಬ್ಬರಿನ ಮೂಲಕ ಆಕ್ಸಿಜನ್ ಸ್ವಲ್ಪ ಬೇಗ ಸೋರುತ್ತೆ, ನೈಟ್ರೋಜನ್ ನಿಧಾನ. ಮಾಮೂಲಿ ಗಾಳಿಯಲ್ಲೂ ನೂರಕ್ಕೆ 78 ಭಾಗ ನೈಟ್ರೋಜನ್ನೇ ಇರೋದರಿಂದ ಅಂತರ ಇಷ್ಟೇ.

ಎಡ ಹಿಂದಿನ ಟೈರ್ ಬೇರೆ ಕಥೆ. ಜುಲೈನಲ್ಲಿ ಎರಡೇ ವಾರಕ್ಕೆ 4 ಪಿಎಸ್‌ಐ ಇಳಿದಿತ್ತು, ಅದೂ ನೈಟ್ರೋಜನ್ ಹಾಕಿದ್ದು. ಮೊಳೆ ಹುಡುಕಿದೆ, ಸಿಗಲಿಲ್ಲ. ವಾಲ್ವ್ ಬಾಯಿಗೆ ಸೋಪಿನ ನೀರು ಬಿಟ್ಟಾಗ ಸಾಸಿವೆ ಕಾಳಿನಷ್ಟು ಗುಳ್ಳೆ ಮೆಲ್ಲಗೆ ಉಬ್ಬಿತು. ಒಡೆಯಿತು, ಮತ್ತೆ ಉಬ್ಬಿತು. ವಾಲ್ವ್ ಪಿನ್ ಬದಲಾಯಿಸಿದ ಮೇಲೆ ಸರಿಹೋಯಿತು. ಪಿನ್ನೋ ಮೊಳೆಯೋ ಸೋರಿದರೆ ಯಾವ ಗಾಳಿಯೂ ನಿಲ್ಲಲ್ಲ.

ಇನ್ನು ಘಾಟಿ. ನೈಟ್ರೋಜನ್ ಬಿಸಿಗೆ ಹಿಗ್ಗಲ್ಲ ಅಂತ ಹೇಳುತ್ತಾರಲ್ವಾ? ತೀರ್ಥಹಳ್ಳಿ ದಾಟಿ ಆಗುಂಬೆ ಘಾಟಿ ಇಳಿದು ಸೋಮೇಶ್ವರದಲ್ಲಿ ನಿಲ್ಲಿಸಿ ಅಳೆದೆ. ಮುಂದಿನ ಎರಡೂ ಟೈರ್ ಮೂರೂವರೆ ಪಿಎಸ್‌ಐ ಏರಿದ್ದವು. ಒಣ ಗಾಳಿ, ನೈಟ್ರೋಜನ್ ಎರಡೂ ಬಿಸಿಗೆ ಒಂದೇ ಥರ ಹಿಗ್ಗುತ್ತವೆ. ಈ ಏರಿಕೆ ಸಹಜ. ಬಿಸಿ ಟೈರಿನಿಂದ ಗಾಳಿ ಬಿಡಬೇಡಿ, ತಣ್ಣಗಾದ ಮೇಲೆ ಕಡಿಮೆ ಆಗಿರುತ್ತೆ.

ನಮ್ಮ ಕಡೆ ನಿಜವಾಗಿ ನೋಡಬೇಕಾದ್ದು ನೀರು. ಮಳೆಗಾಲದಲ್ಲಿ ಕಂಪ್ರೆಸರ್ ತೇವದ ಗಾಳಿ ಎಳೆದು ಒತ್ತುತ್ತೆ, ಟ್ಯಾಂಕಿನ ತಳದಲ್ಲಿ ನೀರು ನಿಲ್ಲುತ್ತೆ. ಅದನ್ನು ಖಾಲಿ ಮಾಡದಿದ್ದರೆ ಪೈಪಿನಲ್ಲಿ ಗಾಳಿ ಜೊತೆ ನೀರೂ ಟೈರಿಗೆ ಹೋಗುತ್ತೆ. ಟೈರ್ ಬಿಸಿಯಾದಾಗ ಆ ನೀರು ಆವಿಯಾಗಿ ಒತ್ತಡವನ್ನು ಇನ್ನೊಂದು ಪಿಎಸ್‌ಐನಷ್ಟು ಏರಿಸಬಹುದು, ಕಬ್ಬಿಣದ ರಿಮ್ಮಿಗೆ ತುಕ್ಕೂ ಹಿಡಿಯುತ್ತೆ. ನೈಟ್ರೋಜನ್ ಒಣಗಿರುತ್ತೆ, ಅದರ ದೊಡ್ಡ ಲಾಭ ಇದೇ. ಆದರೆ ಒಣ ಗಾಳಿಯೂ ಅದೇ ಕೆಲಸ ಮಾಡುತ್ತೆ. ತುಂಬುವ ಮೊದಲು ಪೈಪಿನ ಗಾಳಿಯನ್ನು ಅಂಗೈಗೆ ಬಿಡಿಸಿ ನೋಡಿ. ಕೈ ಒದ್ದೆಯಾದರೆ ಆ ಅಂಗಡಿ ಬೇಡ.

ಒಂದು ವಿಷಯ ನನಗೆ ಭಯ ಹುಟ್ಟಿಸುತ್ತೆ. ಹೊಸನಗರ ಕಡೆಯ ನೆಂಟರೊಬ್ಬರು "ನೈಟ್ರೋಜನ್ ಇರೋದಕ್ಕೆ ಬೇರೆ ಗಾಳಿ ಸೇರಿಸಬಾರದು" ಅಂತ 25 ಪಿಎಸ್‌ಐನಲ್ಲೇ ವಾರಗಟ್ಟಲೆ ಓಡಿಸುತ್ತಿದ್ದರು. ಅವರ ಊರಲ್ಲಿ ನೈಟ್ರೋಜನ್ ಸಿಗಲ್ಲ. ಕಡಿಮೆ ಗಾಳಿಯಲ್ಲಿ ಟೈರಿನ ಪಕ್ಕೆ ಜಾಸ್ತಿ ಮಡಚಿ ಬಿಸಿಯಾಗುತ್ತೆ, ಅಂಚು ಸವೆಯುತ್ತೆ, ಕೊನೆಗೆ ಸಿಡಿಯಲೂಬಹುದು. ಎರಡೂ ಬೆರೆಸಿದರೆ ಏನೂ ಆಗಲ್ಲ ಅಂತ ಹೇಳಿ ಅಲ್ಲೇ ಪಂಕ್ಚರ್ ಅಂಗಡಿಯಲ್ಲಿ 33 ಹಾಕಿಸಿದೆ.

ಟೈರ್ ಅಂಗಡಿಯವರು ಪುಕ್ಕಟೆ ಕೊಟ್ಟರೆ, ಅಥವಾ ಕಾರು ತಿಂಗಳುಗಟ್ಟಲೆ ನಿಂತೇ ಇರುತ್ತೆ ಅಂದರೆ ನೈಟ್ರೋಜನ್ ಹಾಕಿಸಿ. ದಿನಾ ಓಡಿಸುವವರಿಗೆ ದುಡ್ಡು ಕೊಟ್ಟು ಹಾಕಿಸಬೇಕಾದ್ದಿಲ್ಲ. ಪರೀಕ್ಷೆ ಮುಗಿದ ಮೇಲೆ ನಾನು ನಾಲ್ಕಕ್ಕೂ ಮಾಮೂಲಿ ಗಾಳಿಯನ್ನೇ ಸೇರಿಸಿದೆ. ಗೇಜ್ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲೇ ಇದೆ, ಹದಿನೈದು ದಿನಕ್ಕೊಮ್ಮೆ ಹೊರಗೆ ಬರುತ್ತೆ.