ಕನ್ನಡ–ಇಂಗ್ಲಿಷ್ ಜಾಹೀರಾತಿಗೆ ಗೂಗಲ್ ಆ್ಯಡ್ಸ್: ದೀರ್ಘ ಬಳಕೆಯ ನಂತರ

ತುಮಕೂರಿನಲ್ಲಿ ಬೋರ್‌ವೆಲ್ ಮೋಟಾರ್ ದುರಸ್ತಿ ಮಾಡುವ ಅಂಗಡಿಯೊಂದರ ಹುಡುಕಾಟ ಜಾಹೀರಾತುಗಳನ್ನು ಹಲವು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಗಿರಾಕಿಗಳಲ್ಲಿ ಹೆಚ್ಚಿನವರು ಕನ್ನಡಿಗರು. ಹಾಗೆಂದು ಗೂಗಲ್ ಆ್ಯಡ್ಸ್‌ನ ಭಾಷೆಯ ಆಯ್ಕೆಯಲ್ಲಿ ಕನ್ನಡವೊಂದನ್ನೇ ಗುರುತು ಹಾಕಿದರೆ ಸಾಲದು.

ಬಳಕೆದಾರರ ಭಾಷೆ ಯಾವುದೆಂದು ಗೂಗಲ್ ಊಹಿಸುವುದು ಹುಡುಕಿದ ಪದಗಳು, ಖಾತೆಯ ಭಾಷಾ ಸೆಟ್ಟಿಂಗ್ ಮುಂತಾದ ಸುಳಿವುಗಳಿಂದ. ಮನೆಯಲ್ಲಿ ಕನ್ನಡ ಮಾತನಾಡುವ ಎಷ್ಟೋ ರೈತರ ಫೋನ್ ಇಂಗ್ಲಿಷ್‌ನಲ್ಲಿರುತ್ತದೆ. ಅವರು `borewell motor repair` ಎಂದೇ ಟೈಪ್ ಮಾಡುತ್ತಾರೆ. ಕನ್ನಡವನ್ನಷ್ಟೇ ಆರಿಸಿದ ಜಾಹೀರಾತು ಪ್ರಚಾರದಿಂದ ಇಂಥವರು ಹೊರಗುಳಿಯಬಹುದು. ಜತೆಗೆ, ಈ ಆಯ್ಕೆ ಜಾಹೀರಾತನ್ನಾಗಲಿ ಕೀವರ್ಡ್‌ಗಳನ್ನಾಗಲಿ ಅನುವಾದಿಸುವುದಿಲ್ಲ.

ಬೆಂಗಳೂರಿಗೆ ಇಂಗ್ಲಿಷ್, ಜಿಲ್ಲೆಗಳಿಗೆ ಕನ್ನಡ ಎಂದು ಸ್ಥಳದ ಮೇಲೆ ಭಾಷೆ ಹಂಚುವುದನ್ನೂ ನಾನು ಒಪ್ಪುವುದಿಲ್ಲ. ಬೆಂಗಳೂರಿನಲ್ಲಿ ಕನ್ನಡ ಲಿಪಿಯಲ್ಲೇ ಹುಡುಕುವವರಿದ್ದಾರೆ, ಶಿರಾದಲ್ಲಿ ಇಂಗ್ಲಿಷ್‌ನಲ್ಲಿ ಹುಡುಕುವವರಿದ್ದಾರೆ. ಮೊಬೈಲ್ ಡೇಟಾದ ಐಪಿ ವಿಳಾಸ ಕೆಲವೊಮ್ಮೆ ಊರನ್ನು ಬಿಟ್ಟು ದೊಡ್ಡ ನಗರವನ್ನು ತೋರಿಸುವುದೂ ಉಂಟು. ಸ್ಥಳದ ಆಯ್ಕೆ ಇರಬೇಕಾದದ್ದು ಮೆಕ್ಯಾನಿಕ್ ಹೋಗಿಬರಬಲ್ಲ ದೂರಕ್ಕಾಗಿ. ಅಲ್ಲಿಯೂ ‘ಇರುವವರು ಅಥವಾ ಆಸಕ್ತಿ ಉಳ್ಳವರು’ ಎಂಬ ಮೂಲ ಆಯ್ಕೆಯನ್ನು ಬದಲಿಸಿ, ಇರುವವರಿಗೆ ಮಾತ್ರ ಎಂದು ಇಡಬೇಕು. ಇಲ್ಲವಾದರೆ ತುಮಕೂರಿನ ಬಗ್ಗೆ ಹುಡುಕುವ ದೂರದ ಊರಿನವರ ಕ್ಲಿಕ್‌ಗೂ ಹಣ ಹೋಗುತ್ತದೆ.

ಕೊನೆಗೆ ನನ್ನ ಕೈಹಿಡಿದದ್ದು ಪ್ರತ್ಯೇಕ ಬರಹ. ಪ್ರಚಾರಗಳು ಎರಡು, ಸ್ಥಳ ಒಂದೇ, ಎರಡರಲ್ಲೂ ಭಾಷೆ ಕನ್ನಡ ಮತ್ತು ಇಂಗ್ಲಿಷ್. ಅವುಗಳನ್ನು ಬೇರ್ಪಡಿಸುವುದು ಕೀವರ್ಡ್‌ನ ಲಿಪಿ: ಕನ್ನಡ ಲಿಪಿಯ ಕೀವರ್ಡ್‌ಗೆ ಕನ್ನಡ ಜಾಹೀರಾತು ಮತ್ತು ಕನ್ನಡ ಪುಟ, ಇಂಗ್ಲಿಷ್‌ಗೆ ಇಂಗ್ಲಿಷ್. `motor rewinding ellide` ಎಂಬಂಥ, ಇಂಗ್ಲಿಷ್ ಅಕ್ಷರದ ಕನ್ನಡಕ್ಕೆ ಇನ್ನೊಂದು ಆ್ಯಡ್ ಗ್ರೂಪ್ ಮಾಡಿ ಕನ್ನಡ ಬರಹವನ್ನೇ ಕೊಟ್ಟಿದ್ದೇನೆ. ಹುಡುಕಾಟ ಪದಗಳ ವರದಿಯನ್ನು ಪ್ರತಿ ವಾರ ತೆರೆದು, ಕನ್ನಡ ಹುಡುಕಾಟಗಳು ಇಂಗ್ಲಿಷ್ ಪ್ರಚಾರಕ್ಕೆ ಬಿದ್ದಿವೆಯೇ ಎಂದು ನೋಡುತ್ತೇನೆ. ಬಿದ್ದಿದ್ದರೆ ಆ ಪದಗಳನ್ನು ಅಲ್ಲಿ ನೆಗೆಟಿವ್ ಕೀವರ್ಡ್ ಮಾಡಿ, ಅವುಗಳಿಗೆ ಇಂಗ್ಲಿಷ್ ಜಾಹೀರಾತು ಬರದಂತೆ ತಡೆಯುತ್ತೇನೆ.

ಕನ್ನಡ ಬರಹಕ್ಕೆ ಜಾಗದ ಇಕ್ಕಟ್ಟು ಇದೆ. ಶೀರ್ಷಿಕೆಯ ಮಿತಿ 30 ಅಕ್ಷರ, ಆದರೆ ಒತ್ತು, ಗುಣಿತದ ಚಿಹ್ನೆಗಳೂ ಲೆಕ್ಕಕ್ಕೆ ಬರುತ್ತವೆ. ‘ದುರಸ್ತಿ’ ಕಣ್ಣಿಗೆ ಮೂರಕ್ಷರ, ಎಣಿಕೆಯಲ್ಲಿ 7. ‘ಬೋರ್‌ವೆಲ್ ಮೋಟಾರ್ ದುರಸ್ತಿ’ ಹಿಡಿಯುತ್ತದೆ. ಅದರ ಮುಂದೆ ‘ತುಮಕೂರು’ ಸೇರಿಸಿದರೆ ಮಿತಿ ದಾಟುತ್ತದೆ. ಹಾಗಾಗಿ ಊರಿನ ಹೆಸರಿಗೆ ಬೇರೆಯೇ ಶೀರ್ಷಿಕೆ ಬರೆಯಬೇಕು. ಇಂಗ್ಲಿಷ್ ಸಾಲನ್ನು ಅನುವಾದಿಸಿ ತುರುಕುವವರ ಜಾಹೀರಾತು ಇಲ್ಲೇ ಸೊರಗುತ್ತದೆ.

ಕನ್ನಡ ಪ್ರಚಾರಕ್ಕೆ ಹುಡುಕಾಟಗಳು ಕಡಿಮೆಯೇ. ಅದಕ್ಕೆ ಬೇರೆ ಬಜೆಟ್ ಇಡಿ. ಒಂದೇ ಬಜೆಟ್‌ನಲ್ಲಿ ಸೇರಿಸಿದರೆ ಇಂಗ್ಲಿಷ್ ಕ್ಲಿಕ್‌ಗಳೇ ದಿನದ ಹಣವನ್ನು ಮಧ್ಯಾಹ್ನದೊಳಗೆ ಮುಗಿಸಿಬಿಡಬಹುದು.