ಮೊದಲು ಫೋಟೊನಾ, ಬರಹನಾ? ಒಂದೇ ಪಟ್ಟಿಗೆ ಕೂತು 2 ವಾರದ ಪೋಸ್ಟ್ ಮುಗಿಸುವ 3 ಕ್ರಮಗಳು

ಇನ್‌ಸ್ಟಾಗ್ರಾಂನಲ್ಲಿ ಒಬ್ಬರೇ ನಡೆಸುವ ಮಾರಾಟದಲ್ಲಿ ಫೋಟೊ, ಬರಹ, ಶೆಡ್ಯೂಲ್ ಮೂರೂ ಒಂದೇ ಕೈಯ ಕೆಲಸ. ಹೋಲಿಕೆಗೆ ಇಟ್ಟುಕೊಂಡ ಲೆಕ್ಕ ಇಷ್ಟು: ವಾರಕ್ಕೆ 4ರಂತೆ 8 ಪೋಸ್ಟ್, 3 ಬಗೆಯ ಬಟ್ಟೆ ಚೀಲ, ಕಿಟಕಿಯ ಬೆಳಕು, ಫೋನಿನ ಕ್ಯಾಮೆರಾ.

ಒಂದೊಂದೇ ಪೋಸ್ಟನ್ನು ಪೂರ್ತಿ ಮುಗಿಸುತ್ತ ಹೋಗುವ ಕ್ರಮ ಬೇಗ ಕೈಕೊಡುತ್ತದೆ. ಫೋಟೊ ತೆಗೆದು, ಕೂತು ಬರೆದು, ಮತ್ತೆ ಎದ್ದು ಚೀಲ ಜೋಡಿಸುವಷ್ಟರಲ್ಲಿ ಬೆಳಕು ಸರಿದಿರುತ್ತದೆ. ನಾಲ್ಕನೇ ಪೋಸ್ಟಿಗೆ ಬರುವ ಹೊತ್ತಿಗೆ ಅದೇ ಕಂದು ಚೀಲ ಕೆಂಪಗೆ ಕಾಣುತ್ತದೆ. ಒಂದೆರಡು ಪೋಸ್ಟಿಗಾದರೆ ಸರಿ, 8ಕ್ಕೆ ಬೇಡ.

ಎಲ್ಲ ಫೋಟೊ ಮೊದಲು, ಬರಹ ಆಮೇಲೆ ಎನ್ನುವ ಕ್ರಮದಲ್ಲಿ ಬಣ್ಣ ಕೆಡುವುದಿಲ್ಲ. ತೊಂದರೆ ಬರೆಯಲು ಕೂತಾಗ ಗೊತ್ತಾಗುತ್ತದೆ: 60 ಫೋಟೊ ಇದ್ದರೂ ಎಲ್ಲ ಒಂದೇ ಥರ. ಪಕ್ಕದ ಜೇಬಿನ ಬಗ್ಗೆ ಹೇಳಬೇಕೆಂದರೆ ಜೇಬಿನ ಫೋಟೊನೇ ಇರುವುದಿಲ್ಲ. ಸಂಜೆ ಬೆಳಕಲ್ಲಿ ತೆಗೆದು ಸೇರಿಸಿದರೆ ಎದ್ದು ಕಾಣುತ್ತದೆ.

ಗೆದ್ದದ್ದು ಮೂರನೆಯದು. ಕ್ಯಾಮೆರಾ ಮುಟ್ಟುವ ಮೊದಲು ಹಾಳೆಯಲ್ಲಿ 8 ಸಾಲು ಬರೆಯಿರಿ, ಸಾಲಿಗೆ ಒಂದೇ ಮಾತು. ಅದರ ಪಕ್ಕದಲ್ಲೇ ಆ ಮಾತನ್ನು ತೋರಿಸುವ ಫೋಟೊ ಯಾವುದೆಂದು ಗುರುತು ಹಾಕಿ. “1 ಲೀಟರ್ ಬಾಟಲಿ ಜೇಬಲ್ಲಿ ನೆಟ್ಟಗೆ ನಿಲ್ಲುತ್ತದೆ” ಅಂದರೆ, ಚೀಲ ಹೆಗಲಲ್ಲಿ, ಬಾಟಲಿ ಜೇಬಲ್ಲಿ, ಪಕ್ಕದಿಂದ ತೆಗೆದದ್ದು. ತೆಗೆಯುವಾಗ ಪೋಸ್ಟಿನ ಕ್ರಮ ಮರೆತುಬಿಡಿ. ನೆಲದ ಮೇಲೆ ಹಾಸಿದವೆಲ್ಲ ಒಟ್ಟಿಗೆ, ಹೆಗಲಿಗೆ ಹಾಕಿದವು ಆಮೇಲೆ, ವಿಡಿಯೊ ಕೊನೆಗೆ. ಫೋಕಸ್ ಮತ್ತು ಎಕ್ಸ್‌ಪೋಶರ್ ಲಾಕ್ ಮಾಡಿ. ಜಾಗ ಬದಲಾದರೆ ಮತ್ತೆ ಲಾಕ್ ಮಾಡಬೇಕು, ಮರೆಯುವುದು ಇಲ್ಲೇ. ಸಾಲಿಗೆ 3 ಕ್ಲಿಕ್ ಸಾಕು, ಕೆಟ್ಟದ್ದನ್ನು ಅಲ್ಲೇ ಅಳಿಸಿ.

ಬರಹದ ಮೊದಲ ಸಾಲು ಆಗಲೇ ಸಿದ್ಧವಿರುವುದರಿಂದ ಅಳತೆ, ಒಗೆಯುವ ರೀತಿ, ಆರ್ಡರ್ ಮಾಡುವ ದಾರಿ ಸೇರಿಸಿದರೆ ಮುಗಿಯಿತು. ಬೆಲೆಯನ್ನು ಫೋಟೊ ಮೇಲೆ ಬರೆಯಬೇಡಿ, ಕ್ಯಾಪ್ಶನ್‌ನಲ್ಲಿಡಿ. ಬೆಲೆ ಬದಲಾದರೆ ಕ್ಯಾಪ್ಶನ್ ತಿದ್ದಬಹುದು, ಫೋಟೊವನ್ನು ಹೊಸದಾಗಿಯೇ ಮಾಡಬೇಕಾಗುತ್ತದೆ.

ಶೆಡ್ಯೂಲ್ ಮಾಡುವಾಗ ಕಾಡುವುದು ಆ್ಯಪ್ ಅಲ್ಲ. ಇನ್‌ಸ್ಟಾಗ್ರಾಂನ ಪ್ರೊಫೆಷನಲ್ ಖಾತೆಯಲ್ಲಿ ಎರಡು ವಾರ ಮುಂಚೆ ಇಡಲು ಅಡ್ಡಿಯಿಲ್ಲ. ಕಾಡುವುದು ಸ್ಟಾಕ್: ಹತ್ತನೇ ದಿನ ಹೊರಬೀಳುವ ಚೀಲ ಐದನೇ ದಿನವೇ ಮಾರಿಹೋಗಿರಬಹುದು. ಒಂದೇ ಒಂದು ಉಳಿದಿರುವ ಚೀಲವನ್ನು ಮೊದಲ 3 ದಿನದೊಳಗೆ ಹಾಕಿ, ಮತ್ತೆ ಹೊಲಿಸಬಹುದಾದದ್ದನ್ನು ಎರಡನೇ ವಾರಕ್ಕಿಡಿ. ಏಳನೇ ದಿನ ಉಳಿದ 4 ಪೋಸ್ಟ್ ತೆರೆದು ಸ್ಟಾಕಿನ ಜೊತೆ ತಾಳೆ ನೋಡಿ.

ಈ ಕ್ರಮ ಹೊಂದದಿರುವುದು ಹೊಸ ಮಾಲಿಗೆ ಮಾತ್ರ. ಕೈಯಲ್ಲಿ ಹಿಡಿದು, ತುಂಬಿಸಿ ನೋಡದೆ ಅದರ ಬಗ್ಗೆ ಬರೆದ ಸಾಲು ಟೊಳ್ಳಾಗಿರುತ್ತದೆ. ಅದಕ್ಕೆ ಫೋಟೊ ಮೊದಲು.