ಉಚಿತ ಪ್ರೀಮಿಯಂ ಎನ್ನುವ ಸಂಗೀತ ಆ್ಯಪ್‌ಗಳು: ಬಳಸಿ ನೋಡಿದ ನಾಲ್ಕು ದಾರಿಗಳ ಹೋಲಿಕೆ

ಚಂದಾ ಕಟ್ಟದೆ ಫೋನಿನಲ್ಲಿ ಹಾಡು ಕೇಳಬೇಕೆನ್ನುವವರು ಸಾಮಾನ್ಯವಾಗಿ ನಾಲ್ಕು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಸಂಗೀತ ಸೇವೆಯ ಅಧಿಕೃತ ಆ್ಯಪ್ ಅನ್ನು ಜಾಹೀರಾತುಗಳ ಸಮೇತ ಉಚಿತವಾಗಿ ಬಳಸುವುದು ಮೊದಲನೆಯದು. ಅದೇ ಆ್ಯಪ್ ಅನ್ನು ಯಾರೋ ತಿದ್ದಿ, ‘ಪ್ರೀಮಿಯಂ ಉಚಿತ’ ಎಂದು ಹಂಚುವ, ಜನ ‘ಮಾಡ್’ ಎಂದು ಕರೆಯುವ ಎಪಿಕೆ ಫೈಲನ್ನು ಹಾಕಿಕೊಳ್ಳುವುದು ಎರಡನೆಯದು. ಮುಕ್ತ ಆಕರದ ಪ್ಯಾಚ್ ಸಾಧನವೊಂದರಿಂದ ಅಧಿಕೃತ ಆ್ಯಪ್ ಅನ್ನು ನಮ್ಮ ಫೋನಿನಲ್ಲೇ ತಿದ್ದಿಕೊಳ್ಳುವುದು ಮೂರನೆಯದು. ನಮ್ಮದೇ ಹಾಡಿನ ಫೈಲುಗಳನ್ನು ಸಾಧಾರಣ ಪ್ಲೇಯರ್‌ನಲ್ಲಿ ಕೇಳುವುದು ನಾಲ್ಕನೆಯದು. ಸಿಮ್ ಇಲ್ಲದ, ಸ್ವಂತ ಫೋಟೊ ಅಥವಾ ಸಂದೇಶಗಳಿಲ್ಲದ ಹಳೆಯ ಆಂಡ್ರಾಯ್ಡ್ ಫೋನಿನಲ್ಲಿ, ಇದಕ್ಕೆಂದೇ ತೆರೆದ ಪ್ರತ್ಯೇಕ ಖಾತೆಯಿಂದ ನಾನು ಈ ನಾಲ್ಕನ್ನೂ ಬಳಸಿ ನೋಡಿದೆ. ಜಾಹೀರಾತು ಬರುತ್ತದೆಯೇ ಇಲ್ಲವೇ ಎಂಬುದಕ್ಕಿಂತ, ಆ್ಯಪ್‌ಗೆ ಸಹಿ ಹಾಕಿದವರು ಯಾರು ಮತ್ತು ನನ್ನ ಪಾಸ್‌ವರ್ಡ್ ಯಾರ ಕೈ ಸೇರುತ್ತದೆ ಎಂಬ ಎರಡು ಪ್ರಶ್ನೆಗಳೇ ಈ ಹೋಲಿಕೆಗೆ ಆಧಾರ.

ಅನುಸ್ಥಾಪನೆಯ ಹಂತದಲ್ಲೇ ಮೊದಲ ವ್ಯತ್ಯಾಸ ಕಾಣಿಸುತ್ತದೆ. ಆಂಡ್ರಾಯ್ಡ್‌ನ ಪ್ರತಿಯೊಂದು ಆ್ಯಪ್‌ಗೂ ಅದನ್ನು ತಯಾರಿಸಿದವರ ಡಿಜಿಟಲ್ ಸಹಿ ಇರುತ್ತದೆ. ಒಳಗಿನ ಒಂದು ಸಾಲನ್ನು ತಿದ್ದಿದರೂ ಆ ಸಹಿ ಮುರಿದುಹೋಗುವುದರಿಂದ, ತಿದ್ದಿದವರು ತಮ್ಮ ಬೇರೆ ಕೀಲಿಯಿಂದ ಹೊಸದಾಗಿ ಸಹಿ ಹಾಕಲೇಬೇಕು. ಅಧಿಕೃತ ಆ್ಯಪ್ ಇರುವಾಗ ಅದೇ ಪ್ಯಾಕೇಜ್ ಹೆಸರಿನ ಮಾಡ್ ಹಾಕಲು ಹೋದರೆ ಫೋನ್ ಒಪ್ಪದಿರುವುದಕ್ಕೆ ಇದೇ ಕಾರಣ. ‘ಮೊದಲು ಹಳೆಯ ಆ್ಯಪ್ ತೆಗೆಯಿರಿ, ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ’ ಎಂದು ಹಂಚುವವರು ಬರೆದಿರುತ್ತಾರೆ. ಅಂದರೆ ತಪಾಸಣೆಗಿರುವ ಕಾವಲನ್ನು ನಮ್ಮ ಕೈಯಿಂದಲೇ ಹಿಂದೆ ಸರಿಸಲು ಕೇಳುತ್ತಾರೆ. ಫೈಲಿಗೆ ಯಾರ ಸಹಿ ಇದೆ ಎಂಬುದನ್ನು, ಆಂಡ್ರಾಯ್ಡ್ ಆ್ಯಪ್ ತಯಾರಕರ ಸಾಧನಗಳ ಜೊತೆ ಬರುವ apksigner ಇರುವ ಕಂಪ್ಯೂಟರಿನಲ್ಲಿ ಒಂದೇ ಆಜ್ಞೆಯಿಂದ ನೋಡಬಹುದು:

```
apksigner verify --print-certs music.apk
```

ನಾನು ಇಳಿಸಿಕೊಂಡ ಮಾಡ್‌ನಲ್ಲಿ ಉತ್ತರ ಹೀಗಿತ್ತು:

```
Signer #1 certificate DN: EMAILADDRESS=android@android.com,
CN=Android, OU=Android, O=Android, L=Mountain View,
ST=California, C=US
```

ಈ ಹೆಸರನ್ನು ನೋಡಿ ಇದು ಅಧಿಕೃತವಾದದ್ದೇ ಎಂದು ಭಾವಿಸುವ ಸಾಧ್ಯತೆಯಿದೆ. ವಾಸ್ತವದಲ್ಲಿ ಇದು ಆಂಡ್ರಾಯ್ಡ್ ಆಕರ ಸಂಕೇತದ ಜೊತೆಗೆ ಎಲ್ಲರಿಗೂ ಬಹಿರಂಗವಾಗಿ ಸಿಗುವ ಪರೀಕ್ಷಾ ಕೀಲಿಯ ವಿವರ. ಆ ಕೀಲಿಯ ಗುಪ್ತ ಭಾಗವೂ ಬಹಿರಂಗವಾಗಿರುವುದರಿಂದ, ಈ ಮಾಡ್‌ಗೆ ‘ಹೊಸ ಆವೃತ್ತಿ’ ಎಂಬ ಹೆಸರಿನಲ್ಲಿ ಯಾರು ಬೇಕಾದರೂ ಇನ್ನೊಂದು ಫೈಲ್ ತಯಾರಿಸಿ ಅದೇ ಸಹಿ ಹಾಕಬಹುದು. ನಾವು ಅದನ್ನು ಹಾಕಿಕೊಂಡರೆ ಫೋನ್ ತಕರಾರಿಲ್ಲದೆ ಹಳೆಯದರ ಮೇಲೆ ಕೂರಿಸಿ, ಹಳೆಯ ಆ್ಯಪ್‌ನಲ್ಲಿದ್ದ ಲಾಗಿನ್ ಮಾಹಿತಿಯನ್ನೂ ಹೊಸದಕ್ಕೆ ವಹಿಸಿಕೊಡುತ್ತದೆ. ಮೊದಲು ತಿದ್ದಿದವರು ಪ್ರಾಮಾಣಿಕರೇ ಆಗಿದ್ದರೂ ಈ ಬಾಗಿಲು ತೆರೆದೇ ಇರುತ್ತದೆ ಎಂಬುದು ಹೆಚ್ಚಿನ ಬಳಕೆದಾರರಿಗೆ ತಿಳಿದಿರುವುದಿಲ್ಲ.

ಇಷ್ಟು ಅಪಾಯಕ್ಕೆ ಒಡ್ಡಿಕೊಂಡ ಮೇಲೆ ಸಿಗುವ ಪ್ರೀಮಿಯಂ ಎಷ್ಟು ಎಂಬುದನ್ನೂ ನೋಡಬೇಕು. ಜಾಹೀರಾತುಗಳು ನಿಂತವು, ಹಾಡು ದಾಟಿಸುವ ಮಿತಿ ಹೋಯಿತು. ಆದರೆ ಹಾಡನ್ನು ಡೌನ್‌ಲೋಡ್ ಮಾಡಿ ಇಂಟರ್‌ನೆಟ್ ಇಲ್ಲದೆ ಕೇಳುವ ಗುಂಡಿ ಕಾಣಿಸಿದರೂ ಕೆಲಸ ಮಾಡಲಿಲ್ಲ. ಅತ್ಯುತ್ತಮ ಧ್ವನಿ ಗುಣಮಟ್ಟವನ್ನು ಆಯ್ದುಕೊಂಡರೂ ಅದು ದೊರೆಯಲಿಲ್ಲ. ಈ ಸೌಲಭ್ಯಗಳನ್ನು ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವುದು ಸೇವೆಯ ಸರ್ವರ್, ಮತ್ತು ಸರ್ವರ್‌ನ ದಾಖಲೆಯಲ್ಲಿ ನನ್ನ ಖಾತೆ ಉಚಿತ ಖಾತೆಯಾಗಿಯೇ ಉಳಿದಿತ್ತು. ಫೋನಿನಲ್ಲಿರುವ ಆ್ಯಪ್ ಅನ್ನು ತಿದ್ದಿದರೆ ಪರದೆಯ ಮೇಲಿನ ಬರಹ ಬದಲಾಗುತ್ತದೆ, ಸರ್ವರ್‌ನ ದಾಖಲೆ ಬದಲಾಗುವುದಿಲ್ಲ. ಆದ್ದರಿಂದ ಡೌನ್‌ಲೋಡ್ ಸೌಲಭ್ಯವನ್ನೂ ಕೊಡುತ್ತೇವೆ ಎನ್ನುವ ಮಾಡ್ ಬಗ್ಗೆ ಇನ್ನಷ್ಟು ಅನುಮಾನ ಪಡುವುದೇ ಸರಿ.

ಲಾಗಿನ್ ವಿಷಯದಲ್ಲಿ ನಾಲ್ಕು ದಾರಿಗಳ ನಡುವೆ ಇರುವ ಅಂತರ ಬಹಳ ದೊಡ್ಡದು. ಮಾಡ್‌ನ ಒಳಗೆ ಕಾಣುವ ಪಾಸ್‌ವರ್ಡ್ ಪೆಟ್ಟಿಗೆ ನೋಡಲು ಅಧಿಕೃತ ಆ್ಯಪ್‌ನದೇ ಆಗಿರುತ್ತದೆ, ಆದರೆ ಅಲ್ಲಿ ಟೈಪ್ ಮಾಡಿದ ಪ್ರತಿಯೊಂದು ಅಕ್ಷರವೂ ತಿದ್ದಿದವರ ಕೋಡ್ ಮೂಲಕವೇ ಹಾದುಹೋಗಬಹುದು. ಸರ್ವರ್‌ಗೆ ಹೋಗುವ ಮುನ್ನ ಅದರ ಒಂದು ಪ್ರತಿಯನ್ನು ಬೇರೆಡೆಗೆ ಕಳುಹಿಸಲು ಕೆಲವೇ ಸಾಲುಗಳು ಸಾಕು, ಮತ್ತು ಕಳುಹಿಸಿದರೂ ಲಾಗಿನ್ ಎಂದಿನಂತೆ ಯಶಸ್ವಿಯಾಗುವುದರಿಂದ ಬಳಕೆದಾರನಿಗೆ ಸುಳಿವೇ ಸಿಗುವುದಿಲ್ಲ. ಪಾಸ್‌ವರ್ಡ್ ಬೇಕೆಂದೇ ಇಲ್ಲ, ಲಾಗಿನ್ ಆದ ಮೇಲೆ ಆ್ಯಪ್‌ನಲ್ಲಿ ಉಳಿಯುವ ಟೋಕನ್ ಕದ್ದರೂ ಖಾತೆಯೊಳಗೆ ಹೋಗಬಹುದು.

ಗೂಗಲ್ ಖಾತೆಯಿಂದ ನಡೆಯುವ ಸಂಗೀತ ಆ್ಯಪ್‌ನ ಮಾಡ್ ಆಗಿದ್ದರೆ ಚಿಂತೆ ಇನ್ನೂ ಹೆಚ್ಚು. ಸಹಿ ಬದಲಾಗಿರುವುದರಿಂದ ಅದಕ್ಕೆ ಫೋನಿನಲ್ಲಿರುವ ಗೂಗಲ್ ಲಾಗಿನ್ ವ್ಯವಸ್ಥೆ ಒದಗುವುದಿಲ್ಲ, ಹಾಗಾಗಿ ಮೈಕ್ರೊಜಿ ಎಂಬ ಮುಕ್ತ ಆಕರದ ಬದಲಿ ಘಟಕವನ್ನೂ ಹಾಕಿಕೊಳ್ಳುವಂತೆ ಹೇಳುತ್ತಾರೆ. ಮೂಲ ಮೈಕ್ರೊಜಿ ಗೌರವಯುತವಾದ ಯೋಜನೆಯೇ. ಅದರ ಹೆಸರಿನಲ್ಲಿ ಅಪರಿಚಿತರು ಹಂಚುವ ಪ್ರತಿಗಳ ಬಗ್ಗೆ ನನ್ನ ಆತಂಕ. ಅದರ ಮೂಲಕ ಕೊಡುವ ಲಾಗಿನ್ ಕೇವಲ ಹಾಡುಗಳಿಗೆ ಸೀಮಿತವಲ್ಲ. ಅದೇ ಖಾತೆಗೆ ಇಮೇಲ್ ಸೇರಿರುತ್ತದೆ, ಇಮೇಲ್ ಕೈಗೆ ಸಿಕ್ಕವರು ಉಳಿದ ಸೇವೆಗಳ ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ಬದಲಿಸಬಹುದು.

ಕುತಂತ್ರಾಂಶದ ವಿಷಯದಲ್ಲಿ ಊಹೆಯ ಅಗತ್ಯವಿಲ್ಲ, ದಾಖಲಾದ ಪ್ರಕರಣವೇ ಇದೆ. 2024ರ ಸೆಪ್ಟೆಂಬರ್‌ನಲ್ಲಿ ಕ್ಯಾಸ್ಪರ್‌ಸ್ಕಿ ಸಂಸ್ಥೆಯ ಸಂಶೋಧಕರು ‘ಸ್ಪಾಟಿಫೈ ಪ್ಲಸ್’ ಎಂಬ ಹೆಸರಿನ ಮಾಡ್‌ನ 18.9.40.5 ಆವೃತ್ತಿಯಲ್ಲಿ ನೆಕ್ರೊ ಎಂಬ ಟ್ರೋಜನ್ ಇರುವುದನ್ನು ವಿವರಿಸಿದರು. ಮಾಡ್ ಹಂಚುತ್ತಿದ್ದ ತಾಣವು ಅದು ಸುರಕ್ಷಿತ ಎಂದೇ ಹೇಳಿಕೊಂಡಿತ್ತು. ಅದು ಕೆಲಸ ಮಾಡಿದ ರೀತಿಯನ್ನು ಗಮನವಿಟ್ಟು ನೋಡಬೇಕು. ಆ್ಯಪ್ ತೆರೆದಾಗ ಜಾಹೀರಾತಿನ ಘಟಕದಂತೆ ಕಾಣುವ ಭಾಗವೊಂದು ಎಚ್ಚರಗೊಂಡು ಫೋನಿನ ಮಾಹಿತಿಯನ್ನು ದೂರದ ಸರ್ವರ್‌ಗೆ ಕಳುಹಿಸುತ್ತಿತ್ತು. ಅಲ್ಲಿಂದ ಉತ್ತರವಾಗಿ ಒಂದು ಪಿಎನ್‌ಜಿ ಚಿತ್ರದ ವಿಳಾಸ ಬರುತ್ತಿತ್ತು. ಆ ಚಿತ್ರದ ನೀಲಿ ಬಣ್ಣದ ಮೌಲ್ಯಗಳಲ್ಲಿ ಅಡಗಿಸಿಟ್ಟ ಕೋಡ್ ಅನ್ನು ಹೊರತೆಗೆದು ಫೋನಿನಲ್ಲಿ ಓಡಿಸಲಾಗುತ್ತಿತ್ತು. ಹೀಗೆ ಬಂದ ಕೋಡ್‌ಗೆ ಕಣ್ಣಿಗೆ ಕಾಣದ ಕಿಟಕಿಗಳಲ್ಲಿ ಜಾಹೀರಾತು ತೆರೆದು ಒತ್ತುವ, ಬೇರೆ ಆ್ಯಪ್‌ಗಳನ್ನು ಇಳಿಸುವ, ಹಣ ತೆರುವ ಸೇವೆಗಳಿಗೆ ಬಳಕೆದಾರನನ್ನು ನೋಂದಾಯಿಸುವ ಸಾಮರ್ಥ್ಯವಿತ್ತು. ಇದೇ ಟ್ರೋಜನ್ ಪ್ಲೇ ಸ್ಟೋರ್‌ನಲ್ಲಿದ್ದ ಕೆಲವು ಆ್ಯಪ್‌ಗಳೊಳಗೂ ನುಸುಳಿತ್ತು ಎಂಬುದನ್ನು ನ್ಯಾಯವಾಗಿ ಹೇಳಬೇಕು. ಆದರೆ ಅಲ್ಲಿ ದೂರು ಬಂದ ಬಳಿಕ ತೆಗೆಯುವವರಿದ್ದರು.

‘ನಾನು ವೈರಸ್ ಸ್ಕ್ಯಾನ್ ಮಾಡಿದ್ದೇನೆ, ಏನೂ ಇಲ್ಲ’ ಎನ್ನುವವರಿಗೆ ಈ ಪ್ರಕರಣವೇ ಉತ್ತರ. ಹಾನಿ ಮಾಡುವ ಭಾಗ ಆಮೇಲೆ ಬರುವುದಾದರೆ, ಇಳಿಸಿದ ದಿನ ಫೈಲ್ ಶುದ್ಧವಾಗಿ ಕಂಡರೂ ಅದಕ್ಕೆ ಅರ್ಥವಿಲ್ಲ. ನಾನು ಪರೀಕ್ಷಿಸಿದ ಮಾಡ್ ಕೂಡ ಸ್ಕ್ಯಾನ್‌ನಲ್ಲಿ ಶುದ್ಧವಾಗಿಯೇ ಕಂಡಿತು. ಪಿಸಿಎಪಿಡ್ರಾಯ್ಡ್ ಎಂಬ, ರೂಟ್ ಬೇಡದ ಆ್ಯಪ್‌ನಿಂದ ಅದರ ಸಂಪರ್ಕಗಳನ್ನು ಗಮನಿಸಿದಾಗ, ಪರದೆ ಆರಿಸಿ ಹಾಡು ನಿಲ್ಲಿಸಿದ ಮೇಲೂ, ಅಧಿಕೃತ ಆ್ಯಪ್ ಎಂದೂ ಮುಟ್ಟದ ಅಪರಿಚಿತ ವಿಳಾಸಗಳಿಗೆ ಅದು ಮತ್ತೆ ಮತ್ತೆ ಸಂಪರ್ಕಿಸುತ್ತಿತ್ತು. ಅನುಮತಿಗಳ ಪಟ್ಟಿಯಲ್ಲೂ `REQUEST_INSTALL_PACKAGES` ಮತ್ತು `SYSTEM_ALERT_WINDOW` ಹೆಚ್ಚುವರಿಯಾಗಿ ಇದ್ದವು. ಮೊದಲನೆಯದು ಬೇರೆ ಆ್ಯಪ್‌ಗಳನ್ನು ಹಾಕಲು, ಎರಡನೆಯದು ಉಳಿದ ಆ್ಯಪ್‌ಗಳ ಮೇಲೆ ತನ್ನ ಪರದೆ ಹರಡಲು. ಹಾಡು ನುಡಿಸುವುದಕ್ಕೆ ಈ ಎರಡೂ ಬೇಕಿಲ್ಲ. ಇದರಿಂದ ಕಳವು ಸಾಬೀತಾಗುವುದಿಲ್ಲ, ಆದರೆ ಆ ಆ್ಯಪ್ ಅನ್ನು ತೆಗೆದುಹಾಕಲು ನನಗೆ ಇಷ್ಟು ಸಾಕಾಯಿತು.

ಖಾತೆ ನಿರ್ಬಂಧದ ಮಾತಿಗೆ ಬಂದರೆ, ಸೇವೆಗಳು ಮಾಡ್‌ಗಳನ್ನು ಗುರುತಿಸಬಲ್ಲವು ಎಂಬುದು ಹೊಸ ಸಂಗತಿಯಲ್ಲ. 2018ರ ಮಾರ್ಚ್‌ನಲ್ಲಿ ಸ್ಪಾಟಿಫೈ ಅಂಥ ಬಳಕೆದಾರರಿಗೆ ಇಮೇಲ್ ಕಳುಹಿಸಿ, ಅನಧಿಕೃತ ಆ್ಯಪ್ ಅನ್ನು ನಿಷ್ಕ್ರಿಯಗೊಳಿಸಿರುವುದಾಗಿಯೂ, ಅದನ್ನೇ ಮುಂದುವರಿಸಿದರೆ ಖಾತೆಯನ್ನು ಅಮಾನತುಗೊಳಿಸಬಹುದು ಅಥವಾ ರದ್ದುಪಡಿಸಬಹುದು ಎಂದೂ ತಿಳಿಸಿತ್ತು. ಉಚಿತ ಖಾತೆಗೆ ಒಂದೂ ಜಾಹೀರಾತು ತಲುಪದೆ ಹಾಡುಗಳು ಮಾತ್ರ ಸಾಲಾಗಿ ನುಡಿಯುತ್ತಿದ್ದರೆ ಅದು ಸರ್ವರ್‌ನ ಕಡೆಯಿಂದಲೇ ಎದ್ದು ಕಾಣುತ್ತದೆ, ಆ್ಯಪ್ ಎಷ್ಟೇ ಮರೆಮಾಚಿಕೊಂಡರೂ ಇದನ್ನು ಅಡಗಿಸುವುದು ಕಷ್ಟ. ನನ್ನ ಪರೀಕ್ಷಾ ಖಾತೆ ರದ್ದಾಗಲಿಲ್ಲ. ಒಂದು ಹಂತದ ಬಳಿಕ ಮಾಡ್‌ನಲ್ಲಿ ಹಾಡುಗಳು ಆರಂಭವಾಗದೆ ತಾವಾಗಿಯೇ ಮುಂದಕ್ಕೆ ಜಿಗಿಯತೊಡಗಿದವು, ಅದೇ ಖಾತೆ ಅಧಿಕೃತ ಆ್ಯಪ್‌ನಲ್ಲಿ ಸರಿಯಾಗಿ ನಡೆಯಿತು. ಆಗ ಹಂಚುವವರು ಹೊಸ ಫೈಲ್ ಬಿಟ್ಟರು. ಮಾಡ್ ಬಳಸುವವರ ನಿಜವಾದ ಬಲೆ ಇದೇ ಎಂದು ನನಗನ್ನಿಸುತ್ತದೆ: ಒಮ್ಮೆ ನಂಬಿದರೆ ಮುಗಿಯುವುದಿಲ್ಲ, ಸೇವೆ ಬಾಗಿಲು ಮುಚ್ಚಿದಾಗಲೆಲ್ಲ ಇನ್ನೊಬ್ಬ ಅಪರಿಚಿತರ ಇನ್ನೊಂದು ಫೈಲನ್ನು ಹೊಸದಾಗಿ ನಂಬಬೇಕು.

ಮೂರನೆಯ ದಾರಿಯಲ್ಲಿ ಅಪಾಯದ ಸ್ವರೂಪ ಬೇರೆ. ಪ್ಯಾಚ್‌ಗಳ ಆಕರ ಸಂಕೇತವನ್ನು ಯಾರಾದರೂ ಓದಬಹುದು, ಸಹಿ ಹಾಕುವ ಕೀಲಿ ನಮ್ಮ ಫೋನಿನಲ್ಲೇ ಹುಟ್ಟುತ್ತದೆ, ಆದ್ದರಿಂದ ಅಪರಿಚಿತರು ನಮ್ಮ ಆ್ಯಪ್ ಮೇಲೆ ತಮ್ಮದನ್ನು ಕೂರಿಸುವಂತಿಲ್ಲ. ಆದರೆ ಸೇವೆಯ ನಿಯಮ ಮುರಿದಂತೆಯೇ ಆಗುವುದರಿಂದ ಖಾತೆ ಕಳೆದುಕೊಳ್ಳುವ ಸಾಧ್ಯತೆ ಹಾಗೆಯೇ ಉಳಿಯುತ್ತದೆ. ಅಷ್ಟೇ ಅಲ್ಲ, ಪ್ಯಾಚ್ ಮಾಡಲು ಬೇಕಾದ ಮೂಲ ಎಪಿಕೆಯನ್ನೂ ಎಲ್ಲಿಂದಲೋ ತರಬೇಕು. ತಂದದ್ದೇ ಕಲಬೆರಕೆಯಾಗಿದ್ದರೆ ಮುಂದಿನದೆಲ್ಲ ವ್ಯರ್ಥ. ಇಂಥ ಯೋಜನೆಗಳು ದಿಢೀರ್ ನಿಲ್ಲುವುದೂ ಉಂಟು. ಯೂಟ್ಯೂಬ್ ಆ್ಯಪ್‌ನ ತಿದ್ದಿದ ರೂಪವಾಗಿದ್ದ ಯೂಟ್ಯೂಬ್ ವ್ಯಾನ್ಸ್‌ಡ್ 2022ರ ಮಾರ್ಚ್‌ನಲ್ಲಿ ಕಾನೂನಿನ ಒತ್ತಡದಿಂದ ನಿಂತುಹೋಯಿತು. ಯೋಜನೆ ನಿಂತ ಮೇಲೂ ಅದೇ ಹೆಸರಿನಲ್ಲಿ ಬೇರೆಯವರು ಫೈಲ್ ಹಂಚಬಹುದು ಎಂಬುದನ್ನು ಮರೆಯಬಾರದು.

ಅಧಿಕೃತ ಉಚಿತ ಆವೃತ್ತಿಯಲ್ಲಿ ಜಾಹೀರಾತುಗಳು ಕಿರಿಕಿರಿ ಮಾಡುತ್ತವೆ, ಅದನ್ನು ಅಲ್ಲಗಳೆಯುವುದಿಲ್ಲ. ಉಳಿದಂತೆ ಅದಕ್ಕೆ ನಾನು ಬೇರೆ ದೂರು ಹೇಳಲಾರೆ. ನನ್ನ ಹಾಡುಗಳ ಪಟ್ಟಿಗಳು ಅಲ್ಲಿಯೇ ಇವೆ, ಅವನ್ನು ಕಳೆದುಕೊಳ್ಳುವ ಭಯವಿಲ್ಲ. ಜಾಹೀರಾತು ಒಲ್ಲದವರಿಗೆ ನಾಲ್ಕನೆಯ ದಾರಿಯೇ ಉತ್ತಮ: ಕೊಂಡ ಅಥವಾ ಕಲಾವಿದರೇ ಉಚಿತವಾಗಿ ಕೊಟ್ಟ ಫೈಲುಗಳನ್ನು ವಿಎಲ್‌ಸಿಯಂಥ ಪ್ಲೇಯರ್‌ನಲ್ಲಿ ಕೇಳುವಾಗ ಲಾಗಿನ್ ಇಲ್ಲ, ಜಾಹೀರಾತು ಇಲ್ಲ, ಇಂಟರ್‌ನೆಟ್ ಕೂಡ ಬೇಡ. ಹೊಸ ಹಾಡುಗಳನ್ನು ಹುಡುಕಿಕೊಳ್ಳುವ ಶ್ರಮ ಮಾತ್ರ ನಮ್ಮದು.

ಈಗಾಗಲೇ ಮಾಡ್ ಹಾಕಿಕೊಂಡು ಲಾಗಿನ್ ಆಗಿರುವವರು ಅದನ್ನು ತೆಗೆಯುವಾಗ ಕ್ರಮ ತಪ್ಪಬಾರದು. ಮಾಡ್ ಇರುವ ಫೋನಿನಲ್ಲೇ ಪಾಸ್‌ವರ್ಡ್ ಬದಲಿಸಿದರೆ ಹೊಸ ಪಾಸ್‌ವರ್ಡ್ ಕೂಡ ಕೈತಪ್ಪಬಹುದು. ಆದ್ದರಿಂದ ಮೊದಲು ಮಾಡ್ ಅನ್ನೂ ಅದರ ಜೊತೆಗೆ ಹಾಕಿದ ಘಟಕಗಳನ್ನೂ ತೆಗೆದು, ಬಳಿಕ ಬೇರೊಂದು ಸಾಧನದಿಂದ ಪಾಸ್‌ವರ್ಡ್ ಬದಲಿಸಿ, ಖಾತೆಯ ಪುಟದಲ್ಲಿ ಎಲ್ಲ ಸಾಧನಗಳಿಂದಲೂ ಹೊರಬರುವ ಆಯ್ಕೆಯನ್ನು ಒತ್ತಬೇಕು. ಕದ್ದ ಟೋಕನ್ ರದ್ದಾಗಲು ಈ ಕೊನೆಯ ಹೆಜ್ಜೆ ಬೇಕೇ ಬೇಕು. ಅದೇ ಪಾಸ್‌ವರ್ಡ್ ಬೇರೆಡೆ ಬಳಸಿದ್ದರೆ ಅಲ್ಲೂ ಬದಲಿಸಬೇಕು. ಮಾಡ್ ತೆಗೆಯಲು ಫೋನ್ ಬಿಡದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಅಡ್ಮಿನ್ ಪಟ್ಟಿಯಿಂದ ಅದರ ಅಧಿಕಾರ ಕಿತ್ತು, ಸೇಫ್ ಮೋಡ್‌ನಲ್ಲಿ ಪ್ರಯತ್ನಿಸಬೇಕು. ಆಫ್ ಮಾಡಿದ್ದ ಪ್ಲೇ ಪ್ರೊಟೆಕ್ಟ್ ಅನ್ನು ಮತ್ತೆ ಆನ್ ಮಾಡಿ, ಆಕ್ಸೆಸಿಬಿಲಿಟಿ ಮತ್ತು ನೋಟಿಫಿಕೇಷನ್ ಅನುಮತಿ ಪಡೆದ ಆ್ಯಪ್‌ಗಳಲ್ಲಿ ಗುರುತಿಲ್ಲದ ಹೆಸರುಗಳಿವೆಯೇ ನೋಡಬೇಕು. ನೀವು ಹಾಕದ ಆ್ಯಪ್ ಒಂದಾದರೂ ಅಲ್ಲಿ ಕಂಡರೆ, ಫೋಟೊ ಮತ್ತು ಸಂಪರ್ಕಗಳನ್ನಷ್ಟೇ ಉಳಿಸಿಕೊಂಡು ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿ, ಆ್ಯಪ್‌ಗಳನ್ನು ಬ್ಯಾಕಪ್‌ನಿಂದ ತರದೆ ಸ್ಟೋರ್‌ನಿಂದಲೇ ಒಂದೊಂದಾಗಿ ಹಾಕಿಕೊಳ್ಳಬೇಕು.